ನಮ್ಮ ಕ್ಲಾಸಿನ ಹುಡುಗನಿಗೆ ನಾವೇ ಟ್ಯೂಷನ್ ಕೊಡಬಹುದಾ?

ಕುಮಟಾ ಕಡೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಗಣಿತ ಶಿಕ್ಷಕಿ. ಎಂಟರಿಂದ ಹತ್ತರ ತನಕ ಗಣಿತಕ್ಕೆ ನಾನೊಬ್ಬಳೇ. ಅನುದಾನ ಇಲ್ಲದ ಶಾಲೆ, ಹಾಗಾಗಿ ಸಂಬಳದ ವಿಷಯ ಬಿಡಿ. ಟ್ಯೂಷನ್ ಮಾಡುವವರನ್ನು ಸುಮ್ನೆ ಬೈಯುವ ಸ್ಥಿತಿಯಲ್ಲಿ ನಾನೂ ಇಲ್ಲ.

ಆಗಸ್ಟಿನಲ್ಲಿ ಒಬ್ಬ ತಾಯಿ ಶಾಲೆಗೆ ಬಂದರು. ಮೀನು ಮಾರುವವರು, ಮಗ ಒಂಬತ್ತನೇ ತರಗತಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದಲ್ಲ, ಆಗ ಈ ಮನೆಗಳಲ್ಲಿ ದುಡ್ಡು ಓಡಾಡುವುದಿಲ್ಲ. "ಅಕ್ಕೋರೆ, ಈಗ ಬೋಟು ಇಳ್ದದೆ. ಸಂಜಿಗೆ ನಮ್ಮನೆ ಹುಡ್ಗಂಗೆ ನೀವೇ ಲೆಕ್ಕ ಹೇಳ್ಕೊಡಿ, ದುಡ್ಡು ನಾ ಕೊಡ್ತೆ" ಅಂದರು. ಕೇಳಿದ್ದು ಅವರು, ನಾನಲ್ಲ. ಹುಡುಗನಿಗೆ ಕಲಿಕೆ ಬೇಕಿರುವುದೂ ನಿಜ. ಹಾಗಾದರೆ ತಪ್ಪೇನು?

ಮೊದಲು ಕಾನೂನು ನೋಡೋಣ, ಅದು ಬೇಗ ಮುಗಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅನ್ನುತ್ತದೆ. ಆದರೆ ಆ ಕಾಯ್ದೆ ಇರುವುದೇ 6ರಿಂದ 14 ವರ್ಷದ ಮಕ್ಕಳ, ಎಂಟನೇ ತರಗತಿವರೆಗಿನ ಓದಿಗೆ. ಸರಕಾರಿ ಶಿಕ್ಷಕರಾದರೆ ನೌಕರರ ನಡತೆ ನಿಯಮ ಬೇರೆ ಇದೆ, ಅನುಮತಿ ಇಲ್ಲದೆ ಇನ್ನೊಂದು ಸಂಪಾದನೆಗೆ ಕೈ ಹಾಕುವಂತಿಲ್ಲ. ನನ್ನಂಥ ಖಾಸಗಿ ಶಾಲೆಯವರು ಒಂಬತ್ತನೇ ತರಗತಿ ಹುಡುಗನಿಗೆ ಹೇಳಿಕೊಟ್ಟರೆ? ಸ್ಟಾಫ್ ರೂಮಿನಲ್ಲಿ "ಒಂಬತ್ತಕ್ಕೆ ಏನೂ ತೊಂದರೆ ಇಲ್ಲ" ಅಂತಲೇ ಹೇಳುತ್ತಾರೆ. ನೇಮಕಾತಿ ಪತ್ರದಲ್ಲಿ ಏನು ಬರೆದಿದ್ದಾರೆ ಅಂತ ಓದಿಕೊಳ್ಳಿ ಅಂತ ಮಾತ್ರ ನಾನು ಹೇಳುತ್ತೇನೆ. ಅಲ್ಲಿಯೂ ಏನೂ ಇಲ್ಲದಿದ್ದರೆ ಯೋಚನೆ ಮಾಡುವ ಕೆಲಸ ನಮಗೇ ಉಳಿಯುತ್ತದೆ.

ನಾನು ಮೊದಲು ಪ್ರಶ್ನೆಯನ್ನು ತಿರುಗಿಸಿ ನೋಡುತ್ತೇನೆ. ಆ ತಾಯಿಯ ಬದಲು ನಾನೇ "ಟ್ಯೂಷನ್ನಿಗೆ ಕಳಿಸಿ" ಅಂದಿದ್ದರೆ ಅವರು ಬೇಡ ಅನ್ನಲು ಆಗುತ್ತಿತ್ತಾ? ಒಂಬತ್ತನೇ ತರಗತಿಯ ಕಿರು ಪರೀಕ್ಷೆಯ ಪ್ರಶ್ನೆ ತೆಗೆಯುವುದು ನಾನು, ತಿದ್ದುವುದೂ ನಾನು. ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ. ಅಲ್ಲಿ ಗಣಿತಕ್ಕೆ 80 ಅಂಕ ಲಿಖಿತ, ಅದನ್ನು ತಿದ್ದುವವರು ಎಲ್ಲಿಯವರೋ. ಉಳಿದ 20 ಆಂತರಿಕ ಅಂಕ ಮಾತ್ರ ನನ್ನ ಕೈಯಲ್ಲಿ. ಬೇಡ ಅನ್ನುವಾಗ ಯಾವ ತಾಯಿಗೂ ಆ 20 ನೆನಪಾಗದೆ ಇರುವುದಿಲ್ಲ. ನಾನು ಅಂಕದಲ್ಲಿ ಎಷ್ಟು ಪ್ರಾಮಾಣಿಕಳು ಅನ್ನುವುದು ಅವರಿಗೆ ಕಾಣುವುದಿಲ್ಲ, ನನ್ನ ಕೈಯಲ್ಲಿ ಪೆನ್ನು ಇರುವುದು ಕಾಣುತ್ತದೆ. ಅವರಾಗಿಯೇ ಬಂದು ಕೇಳಿದರೂ ಇದು ಬದಲಾಗುವುದಿಲ್ಲ. ಒಬ್ಬರು ಕಳಿಸಿದ್ದು ಗೊತ್ತಾದ ಮೇಲೆ ಪಕ್ಕದ ಮನೆಯವರು ಕಳಿಸಬೇಕೋ ಬೇಡವೋ ಅಂತ ಲೆಕ್ಕ ಹಾಕಲು ಶುರು ಮಾಡುತ್ತಾರೆ, ಮತ್ತು ಆ ಲೆಕ್ಕದಲ್ಲಿ ಗಣಿತ ಕಲಿಯುವ ಮಾತೇ ಇರುವುದಿಲ್ಲ.

ಎರಡನೆಯದು ನನ್ನೊಳಗಿನ ವಿಷಯ. ಆ ಹುಡುಗನ ಉತ್ತರ ಪತ್ರಿಕೆ ತೆಗೆದು ಮತ್ತೆ ನೋಡಿದೆ. ಅಂಕ ನೋಡಲಿಲ್ಲ, ತಪ್ಪು ಎಲ್ಲಿ ಶುರುವಾಗಿದೆ ಅಂತ ನೋಡಿದೆ. 7 − (x − 4) ಬಿಡಿಸು ಅಂದರೆ 7 − x − 4 ಅಂತ ಬರೆದು 3 − x ಉತ್ತರ ಕೊಟ್ಟಿದ್ದ. ಬರಬೇಕಾಗಿದ್ದು 11 − x. ಕಂಸದ ಮುಂದಿನ ಮೈನಸ್ ಒಳಗಿನ ಮೊದಲ ಪದಕ್ಕೆ ಮಾತ್ರ ತಾಗುತ್ತದೆ ಅಂತ ಅವನ ನಂಬಿಕೆ. ಬಹುಪದೋಕ್ತಿಗಳನ್ನು ಕಳೆಯುವ ಪ್ರತಿ ಲೆಕ್ಕವೂ ಅದೇ ಜಾಗದಲ್ಲಿ ಮುರಿದಿತ್ತು, ಉಳಿದ ಹೆಜ್ಜೆಗಳು ಸರಿ. ಆಮೇಲೆ ಇಡೀ ಕ್ಲಾಸಿನ ಪತ್ರಿಕೆಗಳನ್ನು ಅದೊಂದೇ ತಪ್ಪಿಗಾಗಿ ತಿರುವಿದೆ. ಹೆಚ್ಚುಕಡಿಮೆ ಅರ್ಧ ಕ್ಲಾಸು ಅದನ್ನೇ ಮಾಡಿತ್ತು.

ಟ್ಯೂಷನ್ ಬೇಕೋ ಬೇಡವೋ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಅರ್ಧ ಕ್ಲಾಸಿಗೆ ಇರುವ ತಪ್ಪು ಕ್ಲಾಸಿನಲ್ಲೇ ಸರಿಯಾಗಬೇಕು, ಅದಕ್ಕೆ ನನಗೆ ಸಂಬಳ ಬರುತ್ತದೆ. ಅದನ್ನು ಸಂಜೆ ಒಬ್ಬನಿಗೆ ದುಡ್ಡಿಗೆ ಹೇಳಿಕೊಟ್ಟರೆ ತೂಕದಲ್ಲಿ ಕಡಿಮೆ ಕೊಟ್ಟ ಅಂಗಡಿಯವನು ಉಳಿದದ್ದನ್ನು ಬೇರೆ ಬಿಲ್ಲಿಗೆ ಮಾರಿದ ಹಾಗೆ. ಒಬ್ಬನಿಗೆ ಮಾತ್ರ ಇರುವ ತಪ್ಪಾದರೆ? ಅದಕ್ಕೂ ಅದೇ ಕಾಯ್ದೆಯ 24ನೇ ಕಲಮಿನಲ್ಲಿ ಉತ್ತರ ಇದೆ. ಪ್ರತಿ ಮಗುವಿನ ಕಲಿಕೆ ಅಳೆದು, ಬೇಕಾದರೆ ಹೆಚ್ಚುವರಿಯಾಗಿ ಕಲಿಸುವುದು ಶಿಕ್ಷಕರ ಕರ್ತವ್ಯಗಳಲ್ಲೇ ಒಂದು. ಎಂಟರವರೆಗೆ ಕರ್ತವ್ಯ ಆಗಿದ್ದದ್ದು ಒಂಬತ್ತಕ್ಕೆ ಬಂದ ತಕ್ಷಣ ವ್ಯಾಪಾರ ಆಗುವುದು ನನಗಂತೂ ಸರಿ ಕಾಣುವುದಿಲ್ಲ.

ಟ್ಯೂಷನ್ ಇದ್ದರೆ ಶಿಕ್ಷಕರು ಕ್ಲಾಸಿನಲ್ಲಿ ಬೇಕಂತಲೇ ಕಡಿಮೆ ಕಲಿಸುತ್ತಾರೆ ಅಂತ ಜನ ಹೇಳುತ್ತಾರೆ. ಹಾಗೆ ಬೇಕಂತ ಮಾಡುವವರು ಕಡಿಮೆ. ಆಗುವುದು ಬೇರೆ. ಕ್ಲಾಸಿನಲ್ಲಿ ಬೆಲ್ ಹೊಡೆಯುತ್ತದೆ, ಎರಡನೇ ಉದಾಹರಣೆ ಉಳಿದಿರುತ್ತದೆ, "ಸಂಜೆ ಮಾಡಿಸಿದರಾಯ್ತು" ಅಂತ ಮನಸ್ಸು ಹೇಳುತ್ತದೆ. ಸಂಜೆ ಬರದವನಿಗೆ ಆ ಉದಾಹರಣೆ ಯಾವತ್ತೂ ಸಿಗುವುದಿಲ್ಲ. ಪರೀಕ್ಷೆ ಬಂದಾಗ ಸಂಜೆ ಮಾಡಿಸಿದ ನಮೂನೆಯ ಲೆಕ್ಕವೇ ಪ್ರಶ್ನೆಯಾಗಿ ಬರುತ್ತದೆ. ಯಾಕೆಂದರೆ ಎರಡೂ ಒಂದೇ ತಲೆಯಿಂದ ಬಂದದ್ದು.

ಇದಕ್ಕೆ ಒಂದು ಉಪಾಯ ಚಾಲ್ತಿಯಲ್ಲಿದೆ. ನಿನ್ನ ಶಾಲೆಯ ಮಕ್ಕಳನ್ನು ನನಗೆ ಕಳಿಸು, ನನ್ನ ಶಾಲೆಯವರನ್ನು ನಿನಗೆ ಕಳಿಸುತ್ತೇನೆ. ಕೇಳಲು ಚೊಕ್ಕ. ಆದರೆ "ಇವರ ಹತ್ತಿರ ಹೋಗು" ಅಂತ ಅಂಕ ಕೊಡುವ ಬಾಯಿಯೇ ಹೇಳಿದ ಮೇಲೆ ಬೇಡ ಅನ್ನುವ ಕಷ್ಟ ಹಾಗೇ ಉಳಿಯಿತು ಅಲ್ವಾ? ಮನೆಯವರದ್ದೋ ಭಾವನದ್ದೋ ಟ್ಯೂಷನ್ ಕ್ಲಾಸಿನ ಹೆಸರು ಹೇಳುವುದೂ ಇದೇ ಜಾತಿ. ಯಾರಾದರೂ ಬೇರೆ ಕಡೆ ಟ್ಯೂಷನ್ ಕೇಳಿದರೆ ನಾನು ಹೆಸರು ಹೇಳುವುದಿಲ್ಲ. ಹುಡುಗ ಯಾವ ಹೆಜ್ಜೆಯಲ್ಲಿ ತಪ್ಪುತ್ತಾನೆ ಅಂತ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಯಾರು ಹೇಳಿಕೊಟ್ಟರೂ ಅದು ಉಪಯೋಗಕ್ಕೆ ಬರುತ್ತದೆ.

ಆ ತಾಯಿಗೆ ದುಡ್ಡು ಬೇಡ ಅಂದೆ. ಹಾಗಂತ ಮನೆಗೆ ಕರೆದು ಪುಕ್ಕಟೆ ಹೇಳಿಕೊಡುತ್ತೇನೆ ಅಂತಲೂ ಅನ್ನಲಿಲ್ಲ. ಪುಕ್ಕಟೆಯಾದರೂ ಒಬ್ಬನಿಗೆ ಮಾತ್ರ ಆದರೆ ಉಳಿದವರಿಗೆ ಅದು ಪಕ್ಷಪಾತವೇ. ಹೆಡ್‌ಮಾಸ್ತರರಿಗೆ ಪತ್ರ ಕೊಟ್ಟು, ಶಾಲೆ ಬಿಟ್ಟ ಮೇಲೆ ಮುಕ್ಕಾಲು ಗಂಟೆ ಕ್ಲಾಸಿನ ಕೋಣೆಯಲ್ಲೇ ಕೂರುವುದು ಅಂತ ಮಾಡಿದೆ. ಯಾರ ಹೆಸರನ್ನೂ ಕರೆಯಲಿಲ್ಲ, "ಕಂಸದ ಮೈನಸ್ ತಪ್ಪಿದವರು ಬನ್ನಿ" ಅಂದೆ. ಆ ಹುಡುಗನ ಜೊತೆ ಜಾಣರು ಅನ್ನಿಸಿಕೊಂಡವರೂ ಬಂದರು, ಹಾಗಾಗಿ ಅವನಿಗೆ ನಾಚಿಕೆಯೂ ಆಗಲಿಲ್ಲ. ಎಲ್ಲರಿಗೂ ಅನುಕೂಲ ಆಯಿತು ಅಂತ ಹೇಳಲಾರೆ. ಒಳಗಿನ ಹಳ್ಳಿಯ ಮಕ್ಕಳಿಗೆ ಬಸ್ಸು ತಪ್ಪುತ್ತದೆ. ಅವರಿಗೆ ಮಧ್ಯಾಹ್ನ ಊಟ ಆದ ಮೇಲೆ ಸಿಗುವ ಹದಿನೈದು ನಿಮಿಷದಲ್ಲಿ ಅಷ್ಟು ಕೆಲಸ ಆಗುವುದಿಲ್ಲ.

ಆ ತಾಯಿ ಬಂಗಡೆ ತಂದದ್ದು ಮಾತ್ರ ಬೇರೆ ಸಂಕಟ. ನಮ್ಮ ಕಡೆ ಮನೆಗೆ ತಂದ ಮೀನನ್ನು ವಾಪಸು ಕೊಟ್ಟರೆ ಅವಮಾನ ಮಾಡಿದ ಹಾಗೆ. ಮೊದಲ ಸಲ ತೆಗೆದುಕೊಂಡೆ, ಎರಡನೇ ಸಲ ತಂದಾಗ ಪೇಟೆಯ ರೇಟು ಕೇಳಿ ದುಡ್ಡು ಕೊಟ್ಟೆ. ಅವರಿಗೆ ಬೇಜಾರಾಯಿತು. ಈಗ ಅವರ ಬುಟ್ಟಿಯಿಂದಲೇ ಕೊಳ್ಳುತ್ತೇನೆ, ಚೌಕಾಸಿ ಮಾಡಿಯೇ.

ನಾನು ಟ್ಯೂಷನ್ ಮಾಡುವುದೇ ಇಲ್ಲ ಅಂತಲ್ಲ. ನಮ್ಮ ಶಾಲೆ ಬಿಟ್ಟು ಪಿಯುಸಿಗೆ ಹೋದ ಇಬ್ಬರಿಗೆ ಆಡಳಿತ ಮಂಡಳಿಗೆ ತಿಳಿಸಿಯೇ ಭಾನುವಾರ ಹೇಳಿಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುತ್ತೇನೆ. ಅವರ ಒಂದು ಅಂಕವೂ ನನ್ನ ಕೈಯಲ್ಲಿಲ್ಲ. ಅದರಲ್ಲಿ ಒಬ್ಬಳ ತಮ್ಮ ಬರುವ ಜೂನಿಗೆ ನಮ್ಮಲ್ಲಿ ಎಂಟಕ್ಕೆ ಸೇರುತ್ತಾನಂತೆ. ಅಕ್ಕ ಕೊಡುವ ಫೀಸು ತಮ್ಮನ ಅಂಕಕ್ಕೂ ಅಂತ ಮನೆಯವರಿಗೆ ಅನ್ನಿಸಬಹುದು, ಹಾಗಾಗಿ ಮೇ ತಿಂಗಳಿಗೆ ಅವಳ ಟ್ಯೂಷನ್ ನಿಲ್ಲಿಸುತ್ತೇನೆ ಅಂತ ಈಗಲೇ ಹೇಳಿಬಿಟ್ಟಿದ್ದೇನೆ.