ಕ್ಯಾಬ್‌ಗೆ ಗಾಡಿ ಹಾಕುವ ಮುಂಚೆ ಬಾಡಿಗೆ ಕಿಲೋಮೀಟರಿನ ಲೆಕ್ಕ

ಬೆಂಗಳೂರಿನಲ್ಲಿ ಆ್ಯಪ್ ಕ್ಯಾಬ್ ಓಡಿಸುವ ನಮ್ಮಂಥವರು ಹೊಸ ಗಾಡಿ ನೋಡಲು ಹೊರಟರೆ ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ, ಆಮೇಲೆ ಇಎಂಐ ಎಷ್ಟು ಬೀಳುತ್ತೆ ಅಂತ. ಕೇಳಬೇಕಾದದ್ದೇ. ಆದರೆ ನಾವು ಓಡಿಸುವ ಕಿಲೋಮೀಟರೆಲ್ಲ ಬಾಡಿಗೆಯಲ್ಲ. ಬೆಳಿಗ್ಗೆ ಮನೆಯಿಂದ ಮೊದಲ ಪಿಕಪ್‌ವರೆಗೆ, ಒಂದು ಡ್ರಾಪ್‌ನಿಂದ ಇನ್ನೊಂದು ಪಿಕಪ್‌ವರೆಗೆ, ಏರ್‌ಪೋರ್ಟ್‌ನಲ್ಲಿ ಬುಕಿಂಗ್ ಸಿಗದೆ ಖಾಲಿ ವಾಪಸ್ ಬರುವಾಗ, ಅಷ್ಟೂ ನಮ್ಮ ಕೈಯಿಂದಲೇ ಹೋಗುತ್ತದೆ. ಖರ್ಚು ಓಡಿದ ಅಷ್ಟೂ ಕಿಲೋಮೀಟರಿಗೆ, ದುಡ್ಡು ಬರುವುದು ಬಾಡಿಗೆ ಕಿಲೋಮೀಟರಿಗೆ ಮಾತ್ರ. ಗಾಡಿ ಆರಿಸುವಾಗ ನಾನು ಈ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತೇನೆ.

ನಮ್ಮೂರ ಕಡೆಯ ಹುಡುಗನೊಬ್ಬ ಇಷ್ಟು ದಿನ ಬೇರೆಯವರ ಗಾಡಿ ಓಡಿಸುತ್ತಿದ್ದವನು ಸ್ವಂತದ್ದು ತೆಗೆದುಕೊಳ್ಳುತ್ತೇನೆ ಅಂತ ಬಂದ. ಅವನ ಮನಸ್ಸು ಪೆಟ್ರೋಲ್ ಸೆಡಾನ್ ಮೇಲಿತ್ತು. "ಅಣ್ಣ, ಸಿಎನ್‌ಜಿಗಿಂತ ಹತ್ತಿರ ಹತ್ತಿರ ಒಂದು ಲಕ್ಷ ಕಮ್ಮಿ, ಡಿಕ್ಕೀನೂ ಪೂರ್ತಿ ಸಿಗುತ್ತೆ, ಬಂಕ್‌ನಲ್ಲಿ ಕ್ಯೂ ನಿಲ್ಲೋ ಗೋಳಿಲ್ಲ" ಅಂದ. ಮೂರೂ ಮಾತು ನಿಜ. ಹಾಗಾಗಿ ಪೇಪರ್ ತೆಗೆದುಕೊಂಡು ಇಬ್ಬರೂ ಕೂತೆವು.

ತಿಂಗಳಿಗೆ 4,000 ಕಿಲೋಮೀಟರ್ ಓಟ, ಅದರಲ್ಲಿ ಬಾಡಿಗೆ 2,600 ಅಂತ ಹಿಡಿದೆವು. ಏಸಿ ಹಾಕಿಕೊಂಡು ಸಿಲ್ಕ್ ಬೋರ್ಡ್, ಹೆಬ್ಬಾಳದ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವ ಗಾಡಿಗೆ ಬ್ರೋಷರ್‌ನ ಮೈಲೇಜ್ ಹಿಡಿಯಬಾರದು. ಡಿಸೈರ್ ಟೂರ್ ಎಸ್ ಸಿಎನ್‌ಜಿಗೆ ಕಂಪನಿ ಹೇಳುವುದು ಕೆಜಿಗೆ 32ರ ಮೇಲೆ. ನಾವು 22 ಹಿಡಿದೆವು. ಪೆಟ್ರೋಲ್‌ಗೆ ಲೀಟರಿಗೆ 14. ಗ್ಯಾಸ್ ಕೆಜಿಗೆ 90 ರೂಪಾಯಿ, ಪೆಟ್ರೋಲ್ ಲೀಟರಿಗೆ 102 ಅಂತ ಇಟ್ಟುಕೊಂಡರೆ ತಿಂಗಳಿಗೆ ಗ್ಯಾಸ್‌ಗೆ ಸುಮಾರು 16,400, ಪೆಟ್ರೋಲ್‌ಗೆ 29,000 ದಾಟುತ್ತದೆ. ಇನ್ಶೂರೆನ್ಸ್‌ಗೆ ತಿಂಗಳಿಗೆ 3,500, ಸರ್ವಿಸ್ ಮತ್ತು ಟೈರ್‌ಗೆ ಓಡಿದ ಪ್ರತಿ ಕಿಲೋಮೀಟರಿಗೆ ಒಂದು ರೂಪಾಯಿ ತೆಗೆದಿಟ್ಟೆವು. ಸಿಎನ್‌ಜಿಗೆ 6 ಲಕ್ಷ ಸಾಲ, ಇಎಂಐ 13,500. ಪೆಟ್ರೋಲ್‌ಗೆ 5 ಲಕ್ಷ, ಇಎಂಐ 11,250.

ಎಲ್ಲ ಸೇರಿ ಸಿಎನ್‌ಜಿ ಗಾಡಿಗೆ ತಿಂಗಳ ಖರ್ಚು 37,400. ಬಾಡಿಗೆ ಕಿಲೋಮೀಟರಿಗೆ ಹಂಚಿದರೆ 14 ರೂಪಾಯಿ ಚಿಲ್ಲರೆ. ಪೆಟ್ರೋಲ್‌ಗೆ ಸುಮಾರು 48,000, ಅಂದರೆ 18 ರೂಪಾಯಿ ದಾಟಿತು. ಕರ್ನಾಟಕದಲ್ಲಿ 10 ಲಕ್ಷದೊಳಗಿನ ಕಾರಿಗೆ 2024ರಲ್ಲಿ ಸರ್ಕಾರ ಇಟ್ಟ ದರ ಮೊದಲ 4 ಕಿಲೋಮೀಟರಿಗೆ 100, ಆಮೇಲೆ ಕಿಲೋಮೀಟರಿಗೆ 24. ಆ್ಯಪ್‌ನವರದ್ದೆಲ್ಲ ಕಳೆದು ಸರಾಸರಿ 20 ರೂಪಾಯಿ ಕೈಗೆ ಬಂತು ಅಂದುಕೊಂಡರೆ ಸಿಎನ್‌ಜಿಯಲ್ಲಿ ತಿಂಗಳಿಗೆ 14,600 ಉಳಿಯುತ್ತದೆ, ಪೆಟ್ರೋಲ್‌ನಲ್ಲಿ 4,000. ಹುಡುಗ ಆ 4,000ದ ಅಂಕಿಯನ್ನು ಎರಡು ಸಲ ಕೂಡಿ ನೋಡಿದ. ಸಾಲದಲ್ಲಿ ಉಳಿಯುವ ಒಂದು ಲಕ್ಷ ಎಂಟೊಂಬತ್ತು ತಿಂಗಳ ಪೆಟ್ರೋಲ್‌ನಲ್ಲಿ ಕರಗಿಹೋಗುತ್ತದೆ.

ಹಾಗಂತ ಸಿಎನ್‌ಜಿಯಲ್ಲಿ ತೊಂದರೆ ಇಲ್ಲ ಅಂತಲ್ಲ. ಡಿಸೈರ್ ಸಿಲಿಂಡರ್‌ನಲ್ಲಿ ಹೆಚ್ಚೆಂದರೆ ಎಂಟೊಂಬತ್ತು ಕೆಜಿ ಹಿಡಿಸುತ್ತದೆ, ಅಂದರೆ ದಿನಕ್ಕೊಂದು ಸಲ ಬಂಕ್‌ಗೆ ಹೋಗಲೇಬೇಕು. ತುಂಬಿಸುವಾಗ ಪ್ರೆಶರ್ ಮುಳ್ಳು 200 ತೋರಿಸಿತು ಅಂತ ಹೊರಟುಬಿಡಬೇಡಿ, ಮೆಷಿನ್ ಮೇಲಿನ ಕೆಜಿ ನೋಡಿ. ಮಧ್ಯಾಹ್ನದ ಬಿಸಿಲಿನಲ್ಲಿ ಗ್ಯಾಸ್ ಬಿಸಿಯಾಗಿ ಹಿಗ್ಗುವುದರಿಂದ ಅದೇ 200ಕ್ಕೆ ಕಮ್ಮಿ ಕೆಜಿ ಕೂರುತ್ತದೆ. ಗಾಡಿ ತಣ್ಣಗಿರುವ ಬೆಳಗಿನ ಜಾವ ಹಾಕಿಸಿದರೆ ಅರ್ಧ ಕೆಜಿಯಾದರೂ ಹೆಚ್ಚು ಸಿಗುತ್ತದೆ, ಕ್ಯೂನೂ ಚಿಕ್ಕದಿರುತ್ತದೆ. ಮನೆಯಿಂದ ಮೊದಲ ಪಿಕಪ್‌ಗೆ ಹೋಗುವ ದಾರಿಯಲ್ಲೇ ಬಂಕ್ ಇದ್ದರೆ ಸಿಎನ್‌ಜಿ ಹೇಳಿ ಮಾಡಿಸಿದ್ದು. ಏಳೆಂಟು ಕಿಲೋಮೀಟರ್ ಅಡ್ಡ ಹೋಗಬೇಕು ಅಂದರೆ ಅದನ್ನೂ ಖಾಲಿ ಓಟಕ್ಕೆ ಸೇರಿಸಿ ಮತ್ತೆ ಲೆಕ್ಕ ಹಾಕಿ. ಡಿಕ್ಕಿಯ ವಿಷಯಕ್ಕೆ ಬಂದರೆ, ಏರ್‌ಪೋರ್ಟ್ ಬಾಡಿಗೆಯನ್ನೇ ನಂಬಿರುವವರಿಗೆ ಎರಡು ಚಿಕ್ಕ ಸಿಲಿಂಡರ್ ಕೆಳಗೆ ಮಲಗಿಸಿರುವ ಟಿಗೋರ್ ಥರದ ಗಾಡಿ ಒಳ್ಳೆಯದು, ಇಲ್ಲವೇ ಮೇಲೆ ಕ್ಯಾರಿಯರ್ ಹಾಕಿಸಬೇಕು. ಇನ್ನೊಂದು ಮಾತು, ಗ್ಯಾಸ್ ಗಾಡಿ ಅಂತ ಪೆಟ್ರೋಲ್ ಟ್ಯಾಂಕ್ ಒಣಗಿಸಬೇಡಿ. ಟ್ಯಾಂಕ್ ಒಳಗಿನ ಪಂಪ್ ತಣ್ಣಗಿರುವುದು ಪೆಟ್ರೋಲ್‌ನಿಂದಲೇ. ಅದು ಸುಟ್ಟರೆ ಒಂದು ವಾರದ ದುಡಿಮೆ ಹೋಯಿತು.

ಸಾಲದಲ್ಲಿ ನಮ್ಮವರು ಹೆಚ್ಚು ಪೆಟ್ಟು ತಿನ್ನುವುದು ಫ್ಲ್ಯಾಟ್ ಬಡ್ಡಿಯಲ್ಲಿ. ಹುಡುಗನಿಗೆ ಫೈನಾನ್ಸ್ ಏಜೆಂಟ್ ಹೇಳಿದ್ದು "ಬರೀ 7 ಪರ್ಸೆಂಟ್". 6 ಲಕ್ಷಕ್ಕೆ ಐದು ವರ್ಷ 7ರಂತೆ ಫ್ಲ್ಯಾಟ್ ಬಡ್ಡಿ 2 ಲಕ್ಷ 10 ಸಾವಿರ. ಅಸಲು ಸೇರಿಸಿ 60 ಕಂತಿಗೆ ಹಂಚಿದರೆ ಮೇಲೆ ಹೇಳಿದ 13,500 ಬರುತ್ತದೆ. ತಿಂಗಳು ತಿಂಗಳು ಅಸಲು ತೀರುತ್ತಾ ಹೋದರೂ ಬಡ್ಡಿ ಮಾತ್ರ ಪೂರ್ತಿ 6 ಲಕ್ಷದ ಮೇಲೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕಕ್ಕೆ ತಂದರೆ ಇದು ಹನ್ನೆರಡೂವರೆ ಪರ್ಸೆಂಟ್ ಆಗುತ್ತದೆ. ಬ್ಯಾಂಕ್‌ನವರು 11 ಅಂದಾಗ ಇವನಿಗೆ ಅದು ಜಾಸ್ತಿ ಅನ್ನಿಸಿತ್ತು, ಆದರೆ ಅಲ್ಲಿ ಕಂತು ಸುಮಾರು 13,050. ಹಾಗಾಗಿ ಪರ್ಸೆಂಟ್ ಬಿಡಿ, ಕಂತು ಎಷ್ಟು, ಎಷ್ಟು ಕಂತು, ಎರಡನ್ನೂ ಗುಣಿಸಿದರೆ ಒಟ್ಟು ಎಷ್ಟು ಕಟ್ಟುತ್ತೀನಿ, ಇಷ್ಟು ಕೇಳಿ.

ಕಂತು ಇಳಿಸಲು ಏಳು ವರ್ಷಕ್ಕೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ತಿಂಗಳಿಗೆ 4,000 ಓಡಿದರೆ ಐದು ವರ್ಷಕ್ಕೆ 2 ಲಕ್ಷ 40 ಸಾವಿರ, ಏಳು ವರ್ಷಕ್ಕೆ 3 ಲಕ್ಷ 36 ಸಾವಿರ ಕಿಲೋಮೀಟರ್. ಕ್ಲಚ್, ಲೋವರ್ ಆರ್ಮ್, ಏಸಿ ಕಂಪ್ರೆಸರ್ ಒಂದರ ಹಿಂದೆ ಒಂದು ಕೈಕೊಡುವ ಆ ಕೊನೆಯ ವರ್ಷಗಳಲ್ಲೂ ಕಂತು ಮುಗಿದಿರುವುದಿಲ್ಲ. ಹೊಸ ಯೆಲ್ಲೋ ಬೋರ್ಡ್ ಗಾಡಿಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ. ಎಫ್‌ಸಿಗೆ ಮುಂಚೆ ಪೇಂಟು, ಟೈರು, ಬ್ರೇಕ್ ಅಂತ ಹೇಗಿದ್ದರೂ ಖರ್ಚಿದ್ದೇ ಇದೆ. ಅದು ವರ್ಷಕ್ಕೊಮ್ಮೆ ಬರುವ ಹೊತ್ತಿಗೆ ಸಾಲ ತೀರಿ ಎರಡು ಮೂರು ವರ್ಷವಾದರೂ ಆಗಿರಬೇಕು, ಕೈಗೆ ನಿಜವಾಗಿ ದುಡ್ಡು ಸಿಗುವುದು ಆ ವರ್ಷಗಳಲ್ಲೇ.

ಪರ್ಮಿಟ್ ಬಗ್ಗೆ ಶೋರೂಮ್‌ನಲ್ಲೇ ತೀರ್ಮಾನ ಮಾಡಿ. ಸಿಟಿ ಬಾಡಿಗೆ ಮಾತ್ರವಾದರೆ ರಾಜ್ಯದ ಪರ್ಮಿಟ್ ಸಾಕು, ತಿರುಪತಿ, ಊಟಿಗೆ ಹೋಗುವವರಾದರೆ ಆಲ್ ಇಂಡಿಯಾ ಪರ್ಮಿಟ್. ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಸರ್ಕಾರ 2018ರಲ್ಲೇ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ, ಆದರೆ ಬಾಡಿಗೆ ಮನೆಯಲ್ಲಿದ್ದು ರಾತ್ರಿ ಚಾರ್ಜ್‌ಗೆ ಹಾಕಲು ಜಾಗವಿಲ್ಲದವರಿಗೆ ನಾನು ಅದನ್ನು ಹೇಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ವೈಟ್ ಬೋರ್ಡ್ ಗಾಡಿ ತಂದು ಯೆಲ್ಲೋ ಮಾಡಿಸುವವರು ಸ್ಪೀಡ್ ಗವರ್ನರ್, ಪ್ಯಾನಿಕ್ ಬಟನ್ ಇರುವ ಜಿಪಿಎಸ್, ಕಮರ್ಷಿಯಲ್ ಇನ್ಶೂರೆನ್ಸ್, ಹಳೇ ಸಾಲವಿದ್ದರೆ ಫೈನಾನ್ಸ್‌ನವರ ಎನ್‌ಒಸಿ, ಇಷ್ಟರ ಖರ್ಚನ್ನೂ ಗಾಡಿ ರೇಟಿಗೆ ಸೇರಿಸಿ ನೋಡಬೇಕು.

ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕ್ಯಾಬ್ ನೋಡುವವರು ಮೀಟರ್ ನಂಬಬೇಡಿ. ಸರ್ವಿಸ್ ಬಿಲ್‌ಗಳಲ್ಲಿ ಬರೆದಿರುವ ಕಿಲೋಮೀಟರ್ ಜೋಡಿಸಿ ನೋಡಿ, ಎಫ್‌ಸಿ ಎಷ್ಟು ತಿಂಗಳು ಬಾಕಿಯಿದೆ ಕೇಳಿ, ಗಾಡಿ ಮೇಲಿನ ಚಲನ್‌ಗಳನ್ನು ಆನ್‌ಲೈನ್‌ನಲ್ಲಿ ನೋಡಿ. ಆಮೇಲೆ ಡಿಕ್ಕಿ ತೆಗೆದು ಸಿಲಿಂಡರ್ ಟೆಸ್ಟ್ ಆದ ದಿನಾಂಕ ಓದಿ. ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಆಗಲೇಬೇಕು. ತಾರೀಕು ದಾಟಿದ್ದರೆ ಬಂಕ್‌ನಲ್ಲಿ ಗ್ಯಾಸ್ ಹಾಕದೆ ವಾಪಸ್ ಕಳಿಸಬಹುದು. ಟೆಸ್ಟ್‌ಗೆ ಸಿಲಿಂಡರ್ ಬಿಚ್ಚಿ ಕೊಟ್ಟರೆ ಅದು ಬರುವವರೆಗೂ ಪೆಟ್ರೋಲ್‌ನಲ್ಲೇ ಓಡಿಸಬೇಕಾಗುತ್ತದೆ. ಹಾಗಾಗಿ ಟೆಸ್ಟ್ ಮಾಡಿಸಿಕೊಟ್ಟ ಮೇಲೆಯೇ ಅಡ್ವಾನ್ಸ್ ಅಂತ ಮಾರುವವರಿಗೆ ಹೇಳಿ.