ಸ್ವೀಟ್ ಬಾಕ್ಸ್ ಒಳಗಿನ ಚೀಟಿ: ಇಲ್ಲಿಯವರೆಗೆ ಆಗಿದ್ದು

ನಮ್ಮ ಬೀದಿಯ ದಿನಸಿ ಅಂಗಡಿ ಶೆಟ್ರು ಪ್ರತಿ ದೀಪಾವಳಿಗೆ ಖಾಯಂ ಗಿರಾಕಿಗಳಿಗೆ ಕಾಲು ಕೆಜಿ ಮೈಸೂರು ಪಾಕ್ ಕೊಡ್ತಾರೆ. ಈ ಸಲ ಅರವತ್ತು ಬಾಕ್ಸ್. "ಒಳಗೆ ಒಂದು ಚೀಟಿ ಇರಲಿ ಕಣಪ್ಪ, ನೀನೇ ಮಾಡಿಕೊಡು" ಅಂದರು. ಅಕ್ಷರ ಜೋಡಿಸುವ ಹುಚ್ಚು ನನಗಿರೋದು ಅವರಿಗೆ ಗೊತ್ತು. ಒಪ್ಪಿಕೊಂಡೆ.

ಮೊದಲ ಭಾನುವಾರ. ಶೆಟ್ರು ಹೇಳಿದ್ದನ್ನೆಲ್ಲ ಬರೆದುಕೊಂಡರೆ ಹನ್ನೊಂದು ಸಾಲು. ಅದರಲ್ಲಿ ಅಂಗಡಿ ತೆರೆಯುವ ಸಮಯವೂ ಇತ್ತು! ಉಡುಗೊರೆ ಚೀಟಿ ಕರಪತ್ರ ಆಗಬಾರದು ಅಂತ ವಾದ ಮಾಡಿ ಇಷ್ಟಕ್ಕೆ ಇಳಿಸಿದೆ:

> ದೀಪಾವಳಿ ಹಬ್ಬದ ಶುಭಾಶಯ.
> ನಿಮ್ಮ ಮನೆಗೆ ನಮ್ಮ ಸ್ಟೋರ್ಸ್‌ನಿಂದ ಒಂದಿಷ್ಟು ಮೈಸೂರು ಪಾಕ್.
> ತುಪ್ಪ, ಕಡಲೆಹಿಟ್ಟು, ಸಕ್ಕರೆ ಬಿಟ್ಟು ಬೇರೇನೂ ಇಲ್ಲ.
> ಫ್ರಿಜ್‌ನಲ್ಲಿ ಇಡಬೇಡಿ, ಗಟ್ಟಿಯಾಗುತ್ತೆ.

ಎ4 ಹಾಳೆಯನ್ನು ಎಂಟು ಮಾಡಿದರೆ ಒಂದು ಚೀಟಿ 105 × 74 ಮಿ.ಮೀ. ಎಂಟು ಹಾಳೆಗೆ 64 ಚೀಟಿ. ನಾಲ್ಕು ಹೆಚ್ಚಿಗೆ, ಹಾಳಾದರೂ ಪರವಾಗಿಲ್ಲ.

ಬುಧವಾರ. ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ 13 ಪಾಯಿಂಟ್ ಅಕ್ಷರ ಇಟ್ಟು ಜೋಡಿಸಿದೆ. ಸಾಲುಗಳ ಅಂತರ 1.25 ಇತ್ತು. ಇಂಗ್ಲಿಷಿಗೆ ಅದು ಸಾಕು, ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತೆ, ಎರಡೂ ಡಿಕ್ಕಿ. 'ಹಬ್ಬದ' ಪದದ ಬ ಒತ್ತು ಕೆಳಗಿನ ಸಾಲಿಗೆ ಅಂಟಿಕೊಂಡು ಕೂತಿತ್ತು. ಅಂತರ 1.6 ಮಾಡಿದ ಮೇಲೆ ಬಿಡಿಸಿಕೊಂಡಿತು. ಶೆಟ್ರ ಗಿರಾಕಿಗಳಲ್ಲಿ ಅರ್ಧ ಜನ ಕನ್ನಡಕ ಹುಡುಕಿಕೊಂಡು ಓದೋರು, ಅದಕ್ಕೇ ಅಕ್ಷರ ಚಿಕ್ಕದು ಮಾಡಲಿಲ್ಲ.

ಶುಕ್ರವಾರ. ಈ ವಾರ ಹಾಳಾಗಿದ್ದು ಇಲ್ಲೇ. ಮುದ್ರಣದ ಅಂಗಡಿಯಲ್ಲಿ ಹಳೇ ಸಾಫ್ಟ್‌ವೇರ್. ಪಠ್ಯ ತೆಗೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ: 'ಹಬ್ಬದ' ಹೋಗಿ 'ಹಬ್‌ಬದ'. ಯೂನಿಕೋಡ್ ಅಕ್ಷರ ಕೂಡಿಸೋದು ಅದಕ್ಕೆ ಬರಲ್ಲ. ಅಲ್ಲಿನ ಹುಡುಗ "ನುಡಿ ಫಾಂಟಿಗೆ ಬದಲಾಯಿಸ್ತೀನಿ ಸಾರ್" ಅಂತ ಒಂದೇ ಕ್ಲಿಕ್‌ನಲ್ಲಿ ಮಾಡಿಕೊಟ್ಟ. ನೋಡೋಕೆ ಚೆನ್ನಾಗೇ ಇತ್ತು. ಮನೆಗೆ ಬಂದು ಪ್ರೂಫ್ ಓದಿದಾಗ ಎರಡನೇ ಸಾಲಿನಲ್ಲಿ ಸಿಕ್ಕಿಬಿದ್ದೆ: 'ಸ್ಟೋರ್ಸ್ನಿಂದ'.

'ಸ್ಟೋರ್ಸ್' ಆದ ಮೇಲೆ 'ನಿಂದ' ಬೇರೆಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು, `U+200C`. ಅದಿಲ್ಲದಿದ್ದರೆ 'ನ' ಹೋಗಿ ಸಕಾರದ ಕೆಳಗೆ ಒತ್ತಾಗಿ ಕೂರುತ್ತೆ, ಗುಡಿಸು ಸಕಾರಕ್ಕೆ ಏರುತ್ತೆ, ಪಕ್ಕದಲ್ಲಿ ಅರ್ಕಾವತ್ತು ಬೇರೆ. ಬದಲಾಯಿಸುವಾಗ ಆ ಅಕ್ಷರ ಬಿದ್ದುಹೋಗಿದೆ. 'ಫ್ರಿಜ್‌ನಲ್ಲಿ' ಪದದ ಗತಿಯೂ ಅದೇ. ಕಾಣದ್ದು ಬಿದ್ದುಹೋದರೆ ಯಾರಿಗೆ ತಾನೇ ಗೊತ್ತಾಗುತ್ತೆ? ಹಲಂತದ ಇಂಗ್ಲಿಷ್ ಪದಕ್ಕೆ ವಿಭಕ್ತಿ ಸೇರಿದ ಕಡೆಯೆಲ್ಲ ಬೆರಳಿಟ್ಟು ಓದೋದೊಂದೇ ದಾರಿ.

ನುಡಿ ಬೇಡ ಅಂತ ಬಿಟ್ಟೆ. ಇಂಕ್‌ಸ್ಕೇಪ್‌ನಲ್ಲೇ `Ctrl+U` ಒತ್ತಿ `200c` ಟೈಪಿಸಿ ಎಂಟರ್ ಹೊಡೆದು ಆ ಅಕ್ಷರ ಕೂರಿಸಿದೆ. ಆಮೇಲೆ `Object to Path`. ಈಗ ಅಕ್ಷರಗಳು ಬರೀ ಚಿತ್ರದ ಗೆರೆಗಳು, ಯಾವ ಕಂಪ್ಯೂಟರ್‌ನಲ್ಲಿ ತೆಗೆದರೂ ಒಡೆಯಲ್ಲ. ತಿದ್ದೋಕೂ ಆಗಲ್ಲ. ಅದಕ್ಕೆ ಮೂಲ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿಕೊಂಡೆ.

ಶನಿವಾರ. ತುಪ್ಪದ ಪರೀಕ್ಷೆ. ಲೇಸರ್‌ನಲ್ಲಿ ತೆಗೆದ ಒಂದು ಚೀಟಿ, ಮನೆಯ ಇಂಕ್‌ಜೆಟ್‌ನದೊಂದು. ಎರಡರ ಮೇಲೂ ಒಂದೊಂದು ತುಂಡು ಮೈಸೂರು ಪಾಕ್ ಇಟ್ಟು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಎರಡರಲ್ಲೂ ಕಾಗದ ತುಪ್ಪ ಕುಡಿದು ಹಪ್ಪಳದ ಹಾಗೆ ಪಾರದರ್ಶಕ. ಲೇಸರ್ ಅಕ್ಷರ ಗಟ್ಟಿಯಾಗಿತ್ತು. ಇಂಕ್‌ಜೆಟ್‌ನದು ಒದ್ದೆ ಬೆರಳು ತಾಗಿದ್ದೇ ತಡ, ಕದಡಿಹೋಯಿತು. ಹಿಂಬದಿಗೂ ಮುದ್ರಿಸುವ ಯೋಚನೆ ಇತ್ತು, ಕೈಬಿಟ್ಟೆ. ತುಪ್ಪ ಕುಡಿದ ಕಾಗದದಲ್ಲಿ ಎರಡು ಬದಿಯ ಅಕ್ಷರವೂ ಒಂದರ ಮೇಲೊಂದು ಕಾಣುತ್ತೆ.

ಆದರೆ ಅಕ್ಷರ ಗಟ್ಟಿ ಅಂದಮಾತ್ರಕ್ಕೆ ಶಾಯಿ ತಿಂಡಿಗೆ ತಾಗಬಹುದು ಅಂತಲ್ಲ. ಪೇಪರಿನಲ್ಲಿ ಬೋಂಡ ಕಟ್ಟಬೇಡಿ ಅನ್ನೋದು ಇದೇ ಕಾರಣಕ್ಕೆ. ಹಾಗಾಗಿ ಸ್ವೀಟ್ ಮೇಲೆ ಬಟರ್ ಪೇಪರ್, ಅದರ ಮೇಲೆ ಚೀಟಿ, ಅಕ್ಷರದ ಮುಖ ಮೇಲಕ್ಕೆ.

ಸೋಮವಾರ. ಚೀಟಿ ತೋರಿಸಿದೆ. ಶೆಟ್ರು ಎರಡು ಸಲ ಓದಿದರು. ಪಾಕ್ ಮಾಡುವ ಭಟ್ಟರು ಪಕ್ಕದಲ್ಲೇ ಇದ್ದರು, ಸುಮ್ನೆ ಇಣುಕಿ ನೋಡಿ, "ಬೇರೇನೂ ಇಲ್ಲ ಅಂತ ಹಾಕಿದೀರಲ್ಲ, ನಾನು ಏಲಕ್ಕಿ ಹಾಕ್ತೀನಿ" ಅಂದರು.

ಮೂಲ ಫೈಲ್ ಇತ್ತು, ಬಚಾವ್. 'ಸಕ್ಕರೆ' ಆದ ಮೇಲೆ 'ಏಲಕ್ಕಿ' ಸೇರಿತು, ಸಾಲು ಉದ್ದವಾಗಿ ಎರಡಾಯಿತು. ಒತ್ತುಗಳು ಡಿಕ್ಕಿ ಹೊಡೆಯುತ್ತಿಲ್ಲ ತಾನೇ ಅಂತ ಮತ್ತೆ ಬೆರಳಿಟ್ಟು ನೋಡಿದೆ. ನಾಳೆ ಎಂಟು ಹಾಳೆ ಮುದ್ರಣಕ್ಕೆ.