ಪ್ರಾಂಶುಪಾಲರ ಪರಿಚಯ ಬರೆಯುವಾಗ ನಾನು ಕೇಳುವ ಪ್ರಶ್ನೆಗಳು

"ನಮ್ಮ ಪ್ರಾಂಶುಪಾಲರ ಪರಿಚಯವನ್ನು ಶಾಲೆಯ ಜಾಲತಾಣಕ್ಕೆ ಬರೆಯಬೇಕು. ಹೊಗಳಿಕೆ ಅನ್ನಿಸದ ಹಾಗೆ ಅವರ ಅನುಭವ, ಧ್ಯೇಯ, ಪೋಷಕರ ನಂಬಿಕೆ ಇವನ್ನೆಲ್ಲ ಹೇಗೆ ಹೇಳೋದು?"

ವಿಶೇಷಣಗಳನ್ನು ಬದಿಗಿಟ್ಟು, ಅವರು ಮಾಡಿದ ಕೆಲಸವನ್ನೇ ಹೇಳಿದರೆ ಸಾಕು. ಇದಕ್ಕಾಗಿ ಬರೆಯುವ ಮೊದಲು ಅವರೊಂದಿಗೆ ಒಂದು ಗಂಟೆಯಾದರೂ ಕುಳಿತು ಮಾತನಾಡಬೇಕು.

ಒಮ್ಮೆ ನನ್ನ ಕೈಗೆ ಬಂದ ಕರಡು "25 ವರ್ಷಗಳ ಸುದೀರ್ಘ ಅನುಭವವುಳ್ಳ, ದೂರದೃಷ್ಟಿಯ ನಾಯಕಿ" ಎಂದು ಆರಂಭವಾಗಿತ್ತು. ವಿಚಾರಿಸಿದಾಗ, ಅದರಲ್ಲಿ 14 ವರ್ಷ ಗಣಿತ ಶಿಕ್ಷಕಿಯಾಗಿ, 3 ವರ್ಷ ಉಪಪ್ರಾಂಶುಪಾಲರಾಗಿ, ಉಳಿದ 8 ವರ್ಷ ಪ್ರಾಂಶುಪಾಲರಾಗಿ ಅವರು ದುಡಿದಿದ್ದರೆಂದು ತಿಳಿಯಿತು. ಹೀಗೆ ಬಿಡಿಸಿ ಹೇಳಿದರೆ, ಅವರು ಪಾಠ ಮಾಡುತ್ತಲೇ ಮೇಲೆ ಬಂದವರೆಂಬುದು ಓದುಗರಿಗೆ ತಾನಾಗಿ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆಯೂ ಬೇಕು: "8 ವರ್ಷಗಳಿಂದ" ಎಂದು ಬರೆದದ್ದು ಮರುವರ್ಷವೇ ತಪ್ಪಾಗುತ್ತದೆಯಾದ್ದರಿಂದ, ಅಧಿಕಾರ ವಹಿಸಿಕೊಂಡ ಇಸವಿಯನ್ನೇ ಹಾಕುವುದು ಒಳ್ಳೆಯದು.

ಧ್ಯೇಯದ ಬಗ್ಗೆ ಕೇಳಿದಾಗ ಅವರು ಮೊದಲು "ಸರ್ವತೋಮುಖ ಬೆಳವಣಿಗೆ" ಎಂದರು. ಯಾವ ಶಾಲೆಗಾದರೂ ಹೊಂದುವ ಮಾತದು. ಹಾಗಾಗಿ, ಆ ಧ್ಯೇಯಕ್ಕಾಗಿ ವೇಳಾಪಟ್ಟಿಯಲ್ಲಿ ಏನನ್ನು ಬದಲಿಸಿದ್ದೀರಿ ಎಂದು ಕೇಳಿದೆ. ಮೂರನೆಯ ತರಗತಿಯಲ್ಲಿ ವಾರಕ್ಕೊಂದು ಅವಧಿಯನ್ನು ತಾವೇ ತೆಗೆದುಕೊಂಡು, ಪ್ರತಿ ಮಗುವಿನ ಪಕ್ಕದಲ್ಲಿ ಕುಳಿತು ಅದು ಒಂದು ನಿಮಿಷ ಗಟ್ಟಿಯಾಗಿ ಓದುವುದನ್ನು ಕೇಳುವುದಾಗಿಯೂ, ತಡವರಿಸಿದ ಪದಗಳನ್ನು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿಕೊಂಡು ತರಗತಿಯ ಶಿಕ್ಷಕರಿಗೆ ಕೊಡುವುದಾಗಿಯೂ ಹೇಳಿದರು. ಪರಿಚಯದ ಮೊದಲ ಸಾಲಿಗೆ ಬೇಕಾದದ್ದು ಅಲ್ಲೇ ಇತ್ತು.

ಎಲ್ಲಕ್ಕಿಂತ ಕಷ್ಟವಾಗುವುದು ಪೋಷಕರ ನಂಬಿಕೆಯನ್ನು ಹೇಳುವುದು. "ಸಮುದಾಯದ ವಿಶ್ವಾಸ ಗಳಿಸಿದ್ದಾರೆ" ಎಂದು ಶಾಲೆಯೇ ಹೇಳಿಕೊಂಡರೆ ಯಾರೂ ಒಪ್ಪುವುದಿಲ್ಲ. ಪೋಷಕರ ಮೆಚ್ಚುಗೆಯ ಮಾತುಗಳನ್ನು ಸಾಲಾಗಿ ಜೋಡಿಸಿದರೂ ಅವು ಆರಿಸಿ ಹಾಕಿದವೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ, ಪೋಷಕರು ನಿಮ್ಮ ಯಾವ ತೀರ್ಮಾನವನ್ನು ವಿರೋಧಿಸಿದ್ದರು ಎಂದು ಕೇಳುತ್ತೇನೆ. ಈ ಪ್ರಾಂಶುಪಾಲರು ಒಮ್ಮೆ ವರ್ಷದ ನಡುವೆ ಶಾಲೆಯ ಸಮಯವನ್ನು ಅರ್ಧ ಗಂಟೆ ಮುಂಚಿತಗೊಳಿಸಿದ್ದರಂತೆ. ದೂರದಿಂದ ಬರುವ ಮಕ್ಕಳ ಪೋಷಕರು ಆಕ್ಷೇಪಿಸಿದಾಗ ಸಭೆ ಕರೆದು, ಕಿರಿಯ ತರಗತಿಗಳಿಗೆ ಹಳೆಯ ಸಮಯವನ್ನೇ ಉಳಿಸಿದರು. ಇದನ್ನು ಬರೆದರೆ ತಮ್ಮ ದೌರ್ಬಲ್ಯ ತೋರುತ್ತದೆ ಎಂದು ಅವರು ಹಿಂಜರಿದರು. ನಾನು ಒಪ್ಪಲಿಲ್ಲ, ಏಕೆಂದರೆ ಮಗುವನ್ನು ಸೇರಿಸಲು ಬರುವ ಪೋಷಕರು ತಿಳಿಯಬಯಸುವುದು ತಮ್ಮ ಮಾತಿಗೆ ಇಲ್ಲಿ ಕಿವಿಗೊಡುವವರು ಇದ್ದಾರೆಯೇ ಎಂಬುದನ್ನೇ. ಕೊನೆಗೆ ಎರಡು ವಾಕ್ಯಗಳಲ್ಲಿ ಆ ಪ್ರಸಂಗ ಉಳಿಯಿತು.

ಪದವಿ, ತರಬೇತಿಗಳಿಗೆ ಕೊನೆಯಲ್ಲಿ ಒಂದು ಸಾಲು ಸಾಕು. ಒಟ್ಟು ಬರಹ 200 ಪದ ಮೀರದಿದ್ದರೆ ಚೆನ್ನ.

ಮುಗಿದ ಮೇಲೆ ಅದೇ ಶಾಲೆಯ ಹಿರಿಯ ಶಿಕ್ಷಕರೊಬ್ಬರಿಗೆ ತಪ್ಪದೆ ಓದಿಸಬೇಕು. ನಮ್ಮ ಕರಡನ್ನು ಓದಿದವರು, ಪರೀಕ್ಷೆಯ ತಿಂಗಳಲ್ಲಿ ಆ ಓದಿನ ಅವಧಿ ನಡೆಯುವುದಿಲ್ಲವೆಂದು ನೆನಪಿಸಿದರು. "ಪ್ರತಿ ವಾರ" ಎಂಬುದರ ಮುಂದೆ "ಪರೀಕ್ಷೆಯ ತಿಂಗಳನ್ನು ಬಿಟ್ಟು" ಎಂದು ಸೇರಿಸಿದೆವು.